ಪಕ್ಕದ ಮಂಚದ ಬಾಟಲಿ

ಪಕ್ಕದ ಮಂಚದ ಬಾಟಲಿಯಿಂದ ಇಳಿಯುತ್ತಿದ್ದ ಒಂದೊಂದು ಹನಿಯೂ ಮುನಿಕೃಷ್ಣಮ್ಮನ ಹೊಟ್ಟೆ ಉರಿಸುತ್ತಿತ್ತು. ಅಲ್ಲಿ ಮಲಗಿದ್ದವನು ಅವಳ ವಾರಗಿತ್ತಿ ರಾಮಲಕ್ಷ್ಮಮ್ಮನ ಮಗ ಅಂಜಿ. ಹೆಬ್ಬಾಳದ ಒಂದೇ ಮನೆಯ ಮಕ್ಕಳಿಬ್ಬರಿಗೂ ಡೆಂಗ್ಯೂ ಹಿಡಿದಿತ್ತು. ಆರ್.ಟಿ. ನಗರದ ಈ ನರ್ಸಿಂಗ್ ಹೋಮಿಗೆ ಮೊದಲು ಬಂದು ಸೇರಿದ್ದು ಮುನಿಕೃಷ್ಣಮ್ಮನ ಮಗಳು ಗಂಗು.

ಮೈ ಸುಡುತ್ತಿದ್ದಷ್ಟು ದಿನ ಗಂಜಿ, ಎಳನೀರು ಕುಡಿಸಿ ಅಂದಿದ್ದರು ಡಾಕ್ಟರ್ ಖುರ್ಷೀದ್. ಜ್ವರ ಬಿಟ್ಟಾಗಲೇ ಗಂಗುವಿಗೆ ಹೊಟ್ಟೆನೋವು, ಬಿಡದ ವಾಂತಿ ಶುರುವಾಗಿ ಕೈಕಾಲು ತಣ್ಣಗಾದವು. ಆಗ ಹಾಕಿದ ಡ್ರಿಪ್ಪನ್ನು ಈ ದಿನ ಬೆಳಿಗ್ಗೆ ಅದೇ ಡಾಕ್ಟರು ಬಹಳ ನಿಧಾನ ಮಾಡಿಸಿದ್ದರು. ಸ್ಟೆತಾಸ್ಕೋಪನ್ನು ಅಂಗೈಯಲ್ಲಿ ಬೆಚ್ಚಗೆ ಮಾಡಿಕೊಂಡೇ ಮಗುವಿನ ಎದೆಗಿಡುತ್ತಿದ್ದ ಹೆಂಗಸು ಆಕೆ.

"ಹಸಿವು ಅಂತಾಳೆ, ಉಚ್ಚೆ ಚೆನ್ನಾಗಿ ಹೋಗ್ತಿದೆ. ಇನ್ನು ಗ್ಲೂಕೋಸ್ ಬೇಡಮ್ಮ. ಸೂಜಿ ಮುಚ್ಚಿಕೊಳ್ಳದಿರಲಿ ಅಂತ ಇಷ್ಟು ಬಿಟ್ಟಿದೀನಿ. ಸಂಜೆ ತೆಗೆದ್ಬಿಡ್ತೀನಿ."

ಮಧ್ಯಾಹ್ನದ ಹೊತ್ತಿಗೆ ಅಂಜಿಯ ಜ್ವರವೂ ಇಳಿಯಿತು. ಹೊಟ್ಟೆ ಹಿಡಿದುಕೊಂಡು ಹೊರಳಾಡತೊಡಗಿದ. ವಸಡಿನಲ್ಲಿ ರಕ್ತ ಕಂಡಿತು. ಡಾಕ್ಟರು ಓಡಿ ಬಂದು ಅವನಿಗೆ ಡ್ರಿಪ್ ಹಾಕಿಸಿದರು. ಗಳಿಗೆಗೊಮ್ಮೆ ನಾಡಿ ಹಿಡಿದರು. ಮತ್ತೆ ಮತ್ತೆ ಬೆರಳು ಚುಚ್ಚಿ ರಕ್ತ ಎಷ್ಟು ಗಟ್ಟಿಯಾಗಿದೆ ಎಂದು ನೋಡಿಸಿದರು.

ಮುನಿಕೃಷ್ಣಮ್ಮ ನೋಡುತ್ತಲೇ ಇದ್ದಳು. ಗಂಡು ಹುಡುಗ, ಹಿರೀಮಗನ ಮಗ. ಮನೆಯಲ್ಲಿ ಕೆನೆಮೊಸರು ಅವನ ತಟ್ಟೆಗೇ. ಇಲ್ಲಿಯೂ ಅಷ್ಟೇ!

"ಎಲ್ಲಾ ನಿಮ್ಮ ಮಗನಿಗೇ ಹಾಕ್ತಾರಲ್ಲಕ್ಕ," ಎಂದಳು ಕೊನೆಗೆ.

"ಬಾಯಿ ಮುಚ್ಕೊಂಡಿರೇ," ಎಂದಳು ರಾಮಲಕ್ಷ್ಮಮ್ಮ. ಅವಳ ಕಣ್ಣು ಕೆಂಪಗಿದ್ದವು. ಆದರೂ ಫ್ಲಾಸ್ಕಿನ ಕಾಫಿಯಲ್ಲಿ ಅರ್ಧವನ್ನು ಲೋಟಕ್ಕೆ ಬಗ್ಗಿಸಿ ಇವಳ ಕಡೆ ತಳ್ಳಿ, ಮಗನ ವಾಂತಿಯ ಬಟ್ಟೆ ತೊಳೆಯಲು ಹೋದಳು.

ಡ್ರಿಪ್ಪಿನ ಪುಟ್ಟ ಚಕ್ರವನ್ನು ನರ್ಸು ತಿರುಗಿಸುವುದನ್ನು ಮುನಿಕೃಷ್ಣಮ್ಮ ಎಷ್ಟೋ ಸಲ ನೋಡಿದ್ದಳು. ಎದ್ದವಳೇ ಗಂಗುವಿನದನ್ನು ಪೂರ್ತಿ ತಿರುಗಿಸಿಬಿಟ್ಟಳು. ಹನಿಗಳು ಧಾರೆಯಾದವು. ನನ್ನ ಮಗಳಿಗೂ ಶಕ್ತಿ ಬರಲಿ, ಅವಳೇನು ಬಿಟ್ಟಿ ಬಿದ್ದಿದ್ದಾಳೆಯೇ?

ಬಾಟಲಿ ಮುಕ್ಕಾಲು ಖಾಲಿಯಾದಾಗ ಗಂಗು ಕೆಮ್ಮಿದಳು. ರೆಪ್ಪೆಗಳು ಊದಿಕೊಂಡಿದ್ದವು. "ಅಮ್ಮಾ, ಮಲಗಕ್ಕಾಗಲ್ಲ," ಎಂದು ಎದ್ದು ಕೂತು ಏದುಸಿರು ಬಿಟ್ಟಳು. ಮುನಿಕೃಷ್ಣಮ್ಮ ಗಾಬರಿಯಿಂದ ಚಕ್ರವನ್ನು ಮೊದಲಿದ್ದಂತೆ ತಿರುಗಿಸಿ ಡಾಕ್ಟರನ್ನು ಕೂಗಿದಳು.

ಡಾಕ್ಟರ್ ಖುರ್ಷೀದ್ ನಾಡಿ ಹಿಡಿದರು. ಓಡುತ್ತಿತ್ತು. ಬಾಟಲಿ ನೋಡಿದರು. ಬೆಳಗಿನಿಂದ ನಿಧಾನವಾಗಿ ಇಳಿದಿದೆ ಎಂದುಕೊಂಡರೋ ಏನೋ, ಹುಬ್ಬು ಗಂಟಿಕ್ಕಿತು.

"ರಕ್ತನಾಳದಿಂದ ಮತ್ತೆ ನೀರು ಸೋರ್ತಿದೆಯಾ? ಹಾಗಿದ್ರೆ ಈಗಲೇ ಇನ್ನೊಂದು ಬಾಟಲ್ ಜೋರಾಗಿ ಬಿಡಬೇಕು. ಮರಿಯಮ್ಮ, ತಯಾರು ಮಾಡಿ ಇಟ್ಕೊಳ್ಳಿ. ರಕ್ತದ ಪರೀಕ್ಷೆ ಬೇಗ ಬರಲಿ."

ನರ್ಸ್ ಮರಿಯಮ್ಮ ಹೊಸ ಬಾಟಲಿ ತೂಗುಹಾಕಿದಳು. ತೊಳೆದ ಬಟ್ಟೆ ಹಿಡಿದು ರಾಮಲಕ್ಷ್ಮಮ್ಮ ಬಾಗಿಲಲ್ಲಿ ನಿಂತಿದ್ದಳು. ಅವಳ ಮುಂದೆ ಹೇಳುವುದೇ? ನಾಳೆ ಹೆಬ್ಬಾಳಕ್ಕೆಲ್ಲ ಗೊತ್ತಾಗುತ್ತದೆ. ಮರಿಯಮ್ಮನ ಕೈ ನಳಿಗೆಯತ್ತ ಹೋಯಿತು.

"ಬ್ಯಾಡ!" ಮುನಿಕೃಷ್ಣಮ್ಮ ಆ ಕೈ ಹಿಡಿದುಬಿಟ್ಟಳು. "ನಾನೇ ತಿರುಗಿಸಿದೆ ಡಾಕ್ಟ್ರಮ್ಮ. ಈಗ ತಾನೇ ಅಷ್ಟೂ ಹೋಯ್ತು. ಅಕ್ಕನ ಮಗನಿಗೆ ಹಾಕ್ತೀರ, ನನ್ನ ಮಗಳಿಗೆ ಯಾಕಿಲ್ಲ ಅಂತ..."

ಡಾಕ್ಟರು ಬಯ್ಯಲಿಲ್ಲ. ಗಂಗುವಿನ ಡ್ರಿಪ್ಪನ್ನು ಪೂರ್ತಿ ನಿಲ್ಲಿಸಿ, ಬೆನ್ನಿಗೆ ದಿಂಬು ಕೊಟ್ಟು, ಆಮ್ಲಜನಕ ತರಿಸಿ, ಉಚ್ಚೆ ಹೋಗುವ ಇಂಜೆಕ್ಷನ್ ಕೊಟ್ಟರು. ಕೆಲಸ ಮಾಡುತ್ತಲೇ ಹೇಳಿದರು: "ಅಂಜಿಗೆ ನೀರು ನಾಳದಿಂದ ಹೊರಗೆ ಸೋರ್ತಿದೆ, ಅದಕ್ಕೆ ಅಳೆದು ಅಳೆದು ಕೊಡ್ತಿದೀನಿ. ಗಂಗುಗೆ ಸೋರಿದ್ದೆಲ್ಲ ತಾನಾಗಿ ವಾಪಸ್ ಬರ್ತಿದೆ. ಅದರ ಮೇಲೆ ನೀವು ಸುರಿದ್ರೆ ಪುಪ್ಪುಸಕ್ಕೇ ಹೋಗೋದು. ಇನ್ನೊಂದು ಬಾಟಲ್ ಹೋಗಿದ್ರೆ..."

ಬಿಸಿಲು ಇಳಿಯುವ ಹೊತ್ತಿಗೆ ಗಂಗು ಪಾತ್ರೆ ತುಂಬ ಉಚ್ಚೆ ಹೊಯ್ದಳು. ಉಸಿರು ಸಮನಾಯಿತು.

ರಾಮಲಕ್ಷ್ಮಮ್ಮ ಈಗ ಮುನಿಕೃಷ್ಣಮ್ಮನ ಹತ್ತಿರ ಬಂದಳು.

"ಪಾಪಿ! ನಿನ್ನ ಮಗಳು ಇಡ್ಲಿ ಕೇಳ್ತಾ ಕೂತಿದ್ಲು. ನನ್ನ ಮಗ ಸೂಜಿ ಚುಚ್ಚಿಸ್ಕೊಂಡು ನರಳ್ತಿದ್ದ. ಅದನ್ನ ನೋಡಿ ಬೆಳಗಿಂದ ಒಟ್ಟೆ ಉರ್ಕೊಂಡಿದ್ದು ನಾನು ಕಣೇ! ನಿಂಗ್ಯಾಕೆ?"

ಗಂಗುವಿನ ಹೊದಿಕೆ ಸರಿಮಾಡಲು ಹೋದ ಮುನಿಕೃಷ್ಣಮ್ಮನ ಕೈಯನ್ನು ಅವಳು ಪಕ್ಕಕ್ಕೆ ಸರಿಸಿದಳು.

"ಓಗು, ಅಂಜಿ ಹತ್ರ ಕೂತ್ಕೋ. ಚಕ್ರ ಮುಟ್ಟಿದ್ರೆ ಕೈ ಮುರಿತೀನಿ. ನಾನು ಇವಳನ್ನ ನೋಡ್ಕೋತೀನಿ."

ಮುನಿಕೃಷ್ಣಮ್ಮ ಅಂಜಿಯ ತಣ್ಣನೆಯ ಪಾದಗಳನ್ನು ಸೆರಗಿನಲ್ಲಿ ಸುತ್ತಿ ಹಿಡಿದು ಕೂತಳು. ಅತ್ತ ಗಂಗು ದೊಡ್ಡಮ್ಮನ ಎದೆಗೊರಗಿ, ಅಮ್ಮನ ತೋಳಲ್ಲಿ ಎಂದೂ ಮಲಗದಷ್ಟು ನೆಮ್ಮದಿಯಾಗಿ ನಿದ್ದೆಹೋಗಿದ್ದಳು. ಅದನ್ನು ಕಂಡು ಮುನಿಕೃಷ್ಣಮ್ಮನ ಹೊಟ್ಟೆಯೊಳಗೆ ಮತ್ತೆ ಚುರುಕ್ಕೆಂದಿತು. ಅವಳು ಮುಖ ತಿರುಗಿಸಿ, ಅಂಜಿಯ ಪಾದಗಳನ್ನು ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡಳು.