ಅಪ್ಪನಾಗಲು ಒಪ್ಪಿಗೆ

“ಇವ್ರು ನಮ್ಮ ಬದರಿ ಫ್ರೆಂಡು. ಮಗೂನ ನೋಡ್ಕೊಳ್ಳೋಕೆ ತುಂಬಾ ಹೆಲ್ಪ್ ಮಾಡ್ತಾರೆ.”

ಬದರಿಯ ತಾಯಿ ವೇದವತಿಯವರು ನೆಂಟರಿಗೆ ಸ್ಕಂದನನ್ನು ಹೀಗೆ ಪರಿಚಯ ಮಾಡಿಕೊಡುವಾಗ ಕೂಸು ಅಹನಾ ಅವನ ಹೆಗಲ ಮೇಲೆ ಮಲಗಿ ತೇಗುತ್ತಿದ್ದಳು. ಆ ಮಾತಿಗೆ ಸ್ಕಂದನಿಗೆ ಅಷ್ಟೇನೂ ಅನ್ನಿಸಲಿಲ್ಲ. ಮೈಸೂರಿನಿಂದ ಬಂದ ದಿನದಿಂದ ಆಕೆ ಅವನನ್ನು ಹಾಗೇ ಕರೆಯುತ್ತಿದ್ದರು. ಸೋಫಾದ ಆ ತುದಿಯಲ್ಲಿ ಕೂತಿದ್ದ ಬದರಿನಾಥ, ಅವನ ಗಂಡ, ಸ್ಟಾಕ್‌ಹೋಮಿನಲ್ಲಿ ಸ್ನೇಹಿತರೆಲ್ಲರ ಎದುರು ಅವನನ್ನು ಮದುವೆಯಾದವನು, ಹೌದೆನ್ನುವಂತೆ ತಲೆಯಾಡಿಸಿದ. ಸ್ಕಂದನಿಗೆ ಚುಚ್ಚಿದ್ದು ಅದು.

ನೆಂಟ ಶೇಷಾದ್ರಿ ಪಾಪದವರು. “ಇಲ್ಲಿ ಬೇಬಿಸಿಟರ್ ಸಿಗೋದು ಕಷ್ಟ ಬಿಡಿ” ಎಂದು ಚಕ್ಕುಲಿಗೆ ಕೈ ಹಾಕಿದರು. ಸ್ಕಂದ ಮಗುವನ್ನೆತ್ತಿಕೊಂಡು ಅಡಿಗೆಮನೆಗೆ ಹೋದ.

ಈ ಮಗುವಿಗಾಗಿ ಇಬ್ಬರೂ ಏನು ಪಾಡುಪಟ್ಟಿದ್ದರು, ಅದನ್ನು ಇವರೆಲ್ಲ ಏನು ಬಲ್ಲರು. ಮೊದಲು ದತ್ತು ತೆಗೆದುಕೊಳ್ಳೋಣವೆಂದೇ ಹೊರಟಿದ್ದರು. ಸ್ವೀಡನ್ನಿನಲ್ಲಿ ಗಂಡು ಗಂಡು ಜೋಡಿ ದತ್ತು ತೆಗೆದುಕೊಳ್ಳಲು ಕಾನೂನಿನ ಅಡ್ಡಿಯಿಲ್ಲ, ಅದಾಗಿ ಇಪ್ಪತ್ತು ವರ್ಷದ ಮೇಲಾಯಿತು. ಕೊಮ್ಯೂನ್, ಅಂದರೆ ಇಲ್ಲಿನ ಪುರಸಭೆ, ತರಗತಿ ನಡೆಸಿತು, ಮನೆಗೆ ಬಂದು ಬೀರು ಬಚ್ಚಲು ನೋಡಿತು, ಯೋಗ್ಯರು ಎಂದು ಒಪ್ಪಿಗೆಯನ್ನೂ ಕೊಟ್ಟಿತು. ಆಮೇಲೆ ಏಜೆನ್ಸಿಯವಳು ನಯವಾಗಿ ಹೇಳಿದಳು: ಸ್ವೀಡನ್ ಒಪ್ಪಿದರೇನು, ಮಗು ಕೊಡುವ ದೇಶ ಒಪ್ಪಬೇಕಲ್ಲ, ಇಬ್ಬರು ಗಂಡಸರಿಗೆ ಕೊಡುವ ದೇಶ ಹುಡುಕಿದರೂ ಸಿಗುವುದು ಕಷ್ಟ. ಇಲ್ಲಿಯೇ ಹುಟ್ಟಿ ದತ್ತಿಗೆ ಬರುವ ಕೂಸುಗಳು ಬೆರಳೆಣಿಕೆ. ಭಾರತದಲ್ಲಿ ಇವರ ಮದುವೆಗೇ ಬೆಲೆಯಿಲ್ಲ, ಜೋಡಿಯಾಗಿ ಅರ್ಜಿ ಹಾಕುವ ಹಾಗೇ ಇಲ್ಲ. ಒಂಟಿ ಗಂಡಸೆಂದು ಸುಳ್ಳು ಹೇಳಿದರೂ ಹೆಣ್ಣುಮಗು ಕೊಡುವುದಿಲ್ಲ. ಬಾಡಿಗೆ ತಾಯ್ತನವೂ ಅಲ್ಲಿ ಇಂಥವರಿಗೆ ಬಂದ್. ಸ್ವೀಡನ್ನಿನ ಆಸ್ಪತ್ರೆಗಳು ಅದಕ್ಕೆ ಕೈಹಾಕುವುದೇ ಇಲ್ಲ. ಲುಂಡ್‌ನಲ್ಲಿದ್ದ ಗೆಳತಿಯರು ನೀರಜಾ, ಲಾವಣ್ಯಾ ಪುಣ್ಯವಂತರು. ನೀರಜಾ ಇಲ್ಲಿನ ಕ್ಲಿನಿಕ್ಕಿನಲ್ಲೇ ಬಸುರಾದಳು, ಹೆತ್ತಳು. ಹೆಂಡತಿಯಾದ್ದರಿಂದ ಲಾವಣ್ಯಾ ಅವತ್ತೇ ತಾನಾಗಿ ಎರಡನೆಯ ತಾಯಿಯಾದಳು. ಕಾನೂನು ಈಚೆಗೆ ಹಾಗಾಗಿತ್ತು. ಇಬ್ಬರು ಗಂಡಸರಿಗೆ ಅದರಲ್ಲಿ ಜಾಗವಿಲ್ಲ.

ಕೊನೆಗೆ ಕೆನಡಾ. ಅಲ್ಲಿ ಜೊಆನ್ ಎಂಬಾಕೆ, ವಿಚ್ಛೇದನವಾದವಳು, ಎರಡು ಮಕ್ಕಳ ತಾಯಿ, ಸಂಭಾವನೆಯಿಲ್ಲದೆ ಖರ್ಚಷ್ಟೇ ತೆಗೆದುಕೊಂಡು ಹೊತ್ತುಕೊಡಲು ಒಪ್ಪಿದಳು. ಅಂಡ ಬೇರೊಬ್ಬ ದಾನಿಯದು. ಅರ್ಧ ಅಂಡಗಳಿಗೆ ಬದರಿಯ ವೀರ್ಯ, ಅರ್ಧಕ್ಕೆ ಸ್ಕಂದನದು. ಸ್ಕಂದನ ಭ್ರೂಣ ಎರಡು ಸಲವೂ ನಿಲ್ಲಲಿಲ್ಲ, ಬದರಿಯದು ನಿಂತಿತು. “ಯಾರ್ದಾದ್ರೇನೋ, ನಮ್ಮಿಬ್ರದ್ದೇ ಅಲ್ವಾ” ಎಂದು ಅವತ್ತು ಅತ್ತವನು ಬದರಿಯೇ.

ಕೆನಡಾದ ಜನನಪತ್ರದಲ್ಲಿ ಇಬ್ಬರು ಅಪ್ಪಂದಿರು ಜಮ್ಮೆಂದು ಕೂತಿದ್ದರು. ಸ್ವೀಡನ್ನಿಗೆ ಬಂದದ್ದೇ ಎಲ್ಲ ತಿರುಗುಮುರುಗಾಯಿತು. ಆ ದೇಶದ ನೋಂದಣಿಯನ್ನು ಈ ದೇಶ ಒಪ್ಪುವುದಿಲ್ಲ. ಹೆತ್ತವಳೇ ತಾಯಿ, ಆದ್ದರಿಂದ ಜೊಆನ್ ತಾಯಿ, ಮಗುವಿನ ಪಾಲನೆಯ ಹಕ್ಕೂ ಅವಳದೇ. ಡಿಎನ್‌ಎ ಪರೀಕ್ಷೆಯಾಗಿ ಬದರಿ ತಂದೆ. ಅವನಿಗೆ ಪಾಲನೆಯ ಹಕ್ಕು ಬರಬೇಕಾದರೆ ಜೊಆನ್ ಬಿಟ್ಟುಕೊಡಬೇಕು. ಸ್ಕಂದ ಯಾರೂ ಅಲ್ಲ. ಗಂಡನ ಮಗುವನ್ನು ದತ್ತು ತೆಗೆದುಕೊಂಡರೆ ಮಾತ್ರ ಅಪ್ಪ. ತಮಾಷೆಯೆಂದರೆ ತಂದೆಯ ಗಂಡನೆಂದು ಅವನಿಗೆ ಮಗು ನೋಡಿಕೊಳ್ಳುವ ರಜೆ ಸಿಕ್ಕಿತ್ತು. ಹೇಲು ಒರೆಸಲು ಅರ್ಹ, ಲಸಿಕೆ ಹಾಕಿಸಲು ಅನರ್ಹ. ಥೂ, ಇದೂ ಒಂದು ನ್ಯಾಯವೇ.

ನೆಂಟರು ಹೋದ ಮೇಲೆ ಬದರಿ ಅಡಿಗೆಮನೆಗೆ ಬಂದ.

“ಅಡಾಪ್ಷನ್ ಅಪ್ಲಿಕೇಶನ್ ಸ್ವಲ್ಪ ನಿಧಾನಕ್ಕೆ ಹಾಕೋಣ ಕಣೋ. ಅಮ್ಮನಿಗೆ ಒಂಥರಾ ಆಗತ್ತೆ.”

“ಎಷ್ಟು ನಿಧಾನಕ್ಕೆ?”

“ಮೊದ್ಲು ನನ್ ಹೆಸರಿಗೆ ಕಸ್ಟಡಿ ಆಗ್ಲಿ, ಸ್ವೀಡಿಷ್ ಪಾಸ್‌ಪೋರ್ಟ್ ಬರ್ಲಿ. ಮೈಸೂರಿಗೆ ಹೋಗಿ ನಾಮಕರಣ ಮುಗಿಸ್ಕೊಂಡು ಬರ್ತೀವಿ. ಆಮೇಲೆ ನೋಡೋಣ.”

“ಬರ್ತೀವಿ ಅಂದ್ರೆ ಯಾರ್ಯಾರು?”

ಬದರಿ ನಲ್ಲಿ ತಿರುಗಿಸಿ ತೊಳೆದ ಲೋಟವನ್ನೇ ಮತ್ತೆ ತೊಳೆದ. “ನಾನು, ಅಮ್ಮ, ಅಹನಾ. ಅಲ್ಲಿ ಸುಮ್ನೆ ನೂರು ಪ್ರಶ್ನೆ ಬರತ್ತೆ.”

“ಕೆನಡಾ ಪಾಸ್‌ಪೋರ್ಟ್ ಇದೆಯಲ್ಲ, ಅದ್ರಲ್ಲೇ ಹೋಗಿ.”

“ಅದ್ರಲ್ಲಿ ವೀಸಾ ಮಾಡಿಸ್ಬೇಕು ಅಂದ್ರೆ ಬರ್ತ್ ಸರ್ಟಿಫಿಕೇಟಲ್ಲಿರೋ ಇಬ್ರೂ ಸೈನ್ ಮಾಡ್ಬೇಕು. ಕೌಂಟರಲ್ಲಿ ಇಬ್ರು ಅಪ್ಪಂದಿರು ಅಂತ ತೋರಿಸ್ಲಾ? ಅಮ್ಮ ಎಲ್ಲರಿಗೂ ನಾನು ಸಿಂಗಲ್ ಪೇರೆಂಟ್ ಅಂತ ಹೇಳ್ಬಿಟ್ಟಿದ್ದಾರೆ.”

“ನೀನೇನು ಹೇಳಿದ್ಯಾ?”

“ಕಾನೂನಲ್ಲಿ ಈಗ ಇರೋದೂ ಹಾಗೇ ಅಲ್ವಾ? ನಾನೊಬ್ನೇ ಅಪ್ಪ.”

ಅಷ್ಟು ಹೇಳಿ ಲೋಟ ಬೋರಲು ಹಾಕಿ ಹೋದ. ಪ್ರೈಡ್ ಮೆರವಣಿಗೆಯಲ್ಲಿ ಇದೇ ಕಾನೂನನ್ನು ಬಾಯಿತುಂಬ ಬೈದವನು, ಇವತ್ತು ಅದರ ಹರಕಲಿನಲ್ಲೇ ನುಸುಳಿ ಆಚೆ ನಿಂತಿದ್ದ. ಸ್ಕಂದನಿಗೆ ಅವನು ಮುಟ್ಟಿದ ಲೋಟ ಮುಟ್ಟಲೂ ಅಸಹ್ಯವಾಯಿತು.

ಮರುದಿನ ಅವನೊಬ್ಬನೇ ಕೊಮ್ಯೂನಿನ ಕುಟುಂಬ ವಿಭಾಗಕ್ಕೆ ಹೋದ. ಅಲ್ಲಿನ ಅಧಿಕಾರಿ ಉಲ್ರಿಕಾ ಕಾಫಿ ಕೊಟ್ಟು, ಮೆತ್ತಗಿನ ದನಿಯಲ್ಲಿ ಸತ್ಯ ಹೇಳಿದಳು. ತಂದೆ ಒಪ್ಪದಿದ್ದರೆ ದತ್ತು ಇಲ್ಲ. ಒಪ್ಪಿದರೂ ನ್ಯಾಯಾಲಯದ ತೀರ್ಪು ಬರುವ ತನಕ ಒಪ್ಪಿಗೆಯನ್ನು ಹಿಂದಕ್ಕೆ ತೆಗೆದುಕೊಳ್ಳಬಹುದು. ವಿಚ್ಛೇದನವಾದರೆ ಸ್ಕಂದನಿಗೆ ಆ ದಾರಿಯೂ ಮುಚ್ಚಿತು, ಏಕೆಂದರೆ ಅವನು ಅರ್ಜಿ ಹಾಕುವುದು ತಂದೆಯ ಗಂಡನೆಂಬ ನೆಲೆಯಲ್ಲಿ.

“ಮಗುವನ್ನು ನೋಡುವ ಹಕ್ಕಾದರೂ?” ಎಂದು ಸ್ಕಂದ ಕೇಳಿದ.

“ನೀವಾಗಿ ಕೋರ್ಟಿಗೆ ಹೋಗಲಾಗುವುದಿಲ್ಲ. ಮಗುವಿಗೆ ನೀವು ಬಹಳ ಹತ್ತಿರದವರು ಎಂದು ನಮಗೆ ಅನ್ನಿಸಿದರೆ ಕೊಮ್ಯೂನ್ ಹೋಗಬಹುದು. ಬರೀ ಭೇಟಿಗೆ.” ಅವಳು ಸ್ವಲ್ಪ ತಡೆದು ಹೇಳಿದಳು, “ಇಬ್ಬರ ಒಪ್ಪಿಗೆ ಬೇಕು, ಗೊತ್ತಲ್ಲ. ತಂದೆಯದು, ಮತ್ತೆ ತಾಯಿಯದು.”

ತಾಯಿ. ಸ್ಕಂದನಿಗೆ ಅವಳ ನೆನಪೇ ಆಗಿರಲಿಲ್ಲ. ತನ್ನ ದೇಶದಲ್ಲಿ ಈ ಮಗುವಿಗೆ ಏನೂ ಅಲ್ಲದವಳು, ಏನೂ ಆಗಲು ಇಷ್ಟವಿಲ್ಲದವಳು, ಇಲ್ಲಿ ತಾಯಿ. ಆ ಮೂರ್ಖತನಕ್ಕೆ ಎಷ್ಟು ಸಲ ಹಲ್ಲು ಕಡಿದಿದ್ದ. ಈಗ ಅದನ್ನೇ ಹಿಡಿದುಕೊಂಡು ಏಳಬೇಕಾಗಿತ್ತು.

ಮನೆಗೆ ಹೋಗುವ ಲೋಕಲ್ ರೈಲು ಹತ್ತದೆ ನಿಲ್ದಾಣದ ಬೆಂಚಿನಲ್ಲೇ ಕೂತು ಜೊಆನಳಿಗೆ ವಿಡಿಯೊ ಕರೆ ಮಾಡಿದ. ಗಂಡನ ಮೇಲೆ ದೂರು ಹೇಳುವಾಗ ಮೈಯೆಲ್ಲ ಹೇಸಿಗೆ ಅನ್ನಿಸಿತು. ಜೊಆನ್ ಅಡ್ಡಬಾಯಿ ಹಾಕದೆ ಕೇಳಿದಳು.

“ನಾನು ಹೊತ್ತದ್ದು ಇಬ್ಬರು ಅಪ್ಪಂದಿರಿಗಾಗಿ” ಎಂದಳು ಕೊನೆಗೆ. “ಅಜ್ಜಿಯ ಮನೆ ಶೋಕಿಗಲ್ಲ. ಕಸ್ಟಡಿಯ ಪತ್ರಕ್ಕೂ ದತ್ತಿನ ಒಪ್ಪಿಗೆಗೂ ಒಂದೇ ದಿನ ಸಹಿ ಹಾಕುತ್ತೇನೆ. ಅವನ ಒಪ್ಪಿಗೆ ಕಂಡ ಮೇಲೆ. ಇಲ್ಲವಾದರೆ ಎರಡೂ ಇಲ್ಲ. ಅವನಿಗೆ ನಾನೇ ಹೇಳುತ್ತೇನೆ.”

ಹೇಳಿಯೂ ಬಿಟ್ಟಳು. ಸಂಜೆ ಸ್ಕಂದ ಮಗುವಿಗೆ ಸ್ನಾನ ಮಾಡಿಸುತ್ತಿದ್ದಾಗ ಬದರಿ ಬಚ್ಚಲ ಬಾಗಿಲಿಗೆ ಬಂದು ನಿಂತ.

“ನೀನೇ ಹೇಳ್ಕೊಟ್ಟಿದ್ದಾ?”

“ಹೌದು.”

“ಬ್ಲ್ಯಾಕ್‌ಮೇಲ್ ಇದು, ಗೊತ್ತಾ.”

“ಗೊತ್ತು. ಟವೆಲ್ ಕೊಡು.”

ಬದರಿ ಟವೆಲ್ ಕೊಟ್ಟ. ಹಿಂದಿನಿಂದ ವೇದವತಿಯವರು ಇಣುಕಿದರು. “ಏನಪ್ಪಾ ಸ್ಕಂದ, ನಮ್ಮ ವಂಶದ ಕೂಸಿಗೆ ನಿನ್ನ ಹೆಸರು ಯಾಕೆ ಬೇಕು? ಆಟ ಆಡಿಸ್ಬೇಡ ಅಂತ ಯಾರಾದ್ರೂ ಅಂದ್ರಾ?”

“ಆಡ್ಸೋಕಲ್ಲ ಆಂಟಿ. ನಾಳೆ ಇವಳಿಗೆ ಜ್ವರ ಬಂದು, ಬದರಿ ಫ್ಲೈಟಲ್ಲಿದ್ರೆ, ಡಾಕ್ಟ್ರು ನನ್ನನ್ನ ನೀವ್ಯಾರು ಅಂತ ಕೇಳ್ತಾರೆ. ನಿಮ್ ಮಗ ನಾಳೆ ಇಲ್ಲದೇ ಹೋದ್ರೆ ಇವಳನ್ನ ನನ್ನ ಕೈಯಿಂದ ಎತ್ಕೊಂಡು ಹೋಗ್ತಾರೆ. ಅದಕ್ಕೆ.”

“ಬಿಡ್ತು ಅನ್ನು” ಎಂದು ಆಕೆ ಹೊರಟುಹೋದರು. ಬದರಿ ಅಲ್ಲೇ ನಿಂತಿದ್ದ.

“ಸೈನ್ ಮಾಡ್ತೀನಿ” ಎಂದ. “ಪಾಸ್‌ಪೋರ್ಟ್ ಬೇಕು ನಂಗೆ.”

ಮಗಳಿಗಾಗಿ ಅನ್ನಲಿಲ್ಲ, ನಿನಗಾಗಿ ಅನ್ನಲಿಲ್ಲ. ಪಾಸ್‌ಪೋರ್ಟಿಗಾಗಿ. ಸ್ಕಂದ ಮಗುವಿನ ಕಂಕುಳ ಒರೆಸಿದ. ಇಂಥವನ ಜೊತೆ ಒಂದೇ ಹಾಸಿಗೆಯಲ್ಲಿ ಇಷ್ಟು ವರ್ಷ ಮಲಗಿದ್ದೆನಲ್ಲ ಎಂದು ತನ್ನ ಮೇಲೂ ಜಿಗುಪ್ಸೆ ಹುಟ್ಟಿತು.

ಅರ್ಜಿಗಳು ನ್ಯಾಯಾಲಯಕ್ಕೆ ಹೋದವು. ನ್ಯಾಯಾಲಯ ವಿಚಾರಣೆಯನ್ನು ಕೊಮ್ಯೂನಿಗೆ ವಹಿಸಿತು. ಸ್ಕಂದನ ಮೇಲೆ ಪೊಲೀಸ್ ಕೇಸುಗಳಿವೆಯೇ, ಸಾಲವಿದೆಯೇ, ಕುಡಿಯುತ್ತಾನೆಯೇ, ಅವನ ಅಪ್ಪ ಅವನನ್ನು ಹೊಡೆಯುತ್ತಿದ್ದನೇ, ಎಲ್ಲವನ್ನೂ ಕೇಳಿದರು. ಅವನ ಎದೆಯ ಮೇಲೇ ಮಲಗಿ ಬೆಳೆದ ಮಗುವಿಗೆ ಅವನು ತಕ್ಕವನೆಂದು ನೀರಜಾ, ಲಾವಣ್ಯಾ ಫೋನಿನಲ್ಲಿ ಸಾಕ್ಷಿ ಹೇಳಿದರು. ಬದರಿಯನ್ನು ಯಾರೂ ಏನೂ ಕೇಳಲಿಲ್ಲ. ಅವನು ಹುಟ್ಟಾ ಯೋಗ್ಯ.

ಕೊನೆಯ ಭೇಟಿಗೆ ಉಲ್ರಿಕಾ ಮನೆಗೇ ಬಂದಳು. ವೇದವತಿಯವರನ್ನು ಶೇಷಾದ್ರಿಯವರ ಮನೆಗೆ ಕಳಿಸಿಯಾಗಿತ್ತು. ಅಹನಾ ನೆಲದ ಮೇಲೆ ತೆವಳುತ್ತ ಬಂದು ಸ್ಕಂದನ ಪ್ಯಾಂಟು ಹಿಡಿದು ಎದ್ದು ನಿಲ್ಲಲು ನೋಡಿದಳು. ಉಲ್ರಿಕಾ ಅದನ್ನು ನೋಡಿ ನಕ್ಕಳು. ಅವಳು ಒಳ್ಳೆಯವಳೇ.

“ಒಂದೇ ಪ್ರಶ್ನೆ ಉಳಿದಿದೆ” ಎಂದಳು. “ಗಂಡನ ಮಗುವಿನ ದತ್ತು ಇದು. ಆದ್ದರಿಂದ ನಿಮ್ಮ ಸಂಬಂಧ ಗಟ್ಟಿಯಾಗಿದೆಯೇ ಎಂದು ಬರೆಯಬೇಕು. ಸ್ಕಂದ, ನಿಮ್ಮ ಮದುವೆ ಹೇಗಿದೆ?”

ಅಡಿಗೆಮನೆಯ ಆ ಸಂಜೆಯಿಂದ ಇವತ್ತಿನವರೆಗೆ ಅವನು ಬದರಿಯನ್ನು ಮುಟ್ಟಿರಲಿಲ್ಲ. ಒಂದು ಹೊದಿಕೆ ತೆಗೆದುಕೊಂಡು ಮಗುವಿನ ಕೋಣೆಯ ನೆಲದ ಮೇಲೆ ಮಲಗುತ್ತಿದ್ದ. ಈಗ ಬದರಿ ಅವನ ಮುಖವನ್ನೇ ನೋಡುತ್ತಿದ್ದ. ಆ ನೋಟದಲ್ಲಿ ಬೇಡಿಕೆಯಿರಲಿಲ್ಲ, ಹೆದರಿಕೆಯೂ ಇರಲಿಲ್ಲ. ನಿಜ ಹೇಳಿದರೆ ನಷ್ಟ ಯಾರಿಗೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು.

“ತುಂಬಾ ಚೆನ್ನಾಗಿದೆ” ಎಂದ ಸ್ಕಂದ. ಹೇಳಿ, ಕೈ ಚಾಚಿ ಬದರಿಯ ಕೈ ಹಿಡಿದುಕೊಂಡ. ಆ ಕೈ ಬೆಚ್ಚಗೆ, ಒದ್ದೆಯಾಗಿ ಇತ್ತು. ಉಲ್ರಿಕಾ ಬರೆದುಕೊಳ್ಳುತ್ತಿದ್ದಳು. ತೀರ್ಪು ಬರಲು ಇನ್ನೂ ಕೆಲವು ವಾರ ಹಿಡಿಯುತ್ತದೆ ಎಂದಳು. ಸ್ಕಂದ ನಗುತ್ತಲೇ ಇದ್ದ, ಆ ಕೈಯನ್ನು ಬಿಡಲಿಲ್ಲ.