ಎರಡು ಮೂರು ಬ್ಲಾಕ್ ದೂರ

ಯಲ್ಲಾಪುರದ ಬಸ್ ನಿಲ್ದಾಣದ ಎದುರಿನ ಸೈಬರ್ ಕೆಫೆಯಲ್ಲಿ ಕುಳಿತು ಗಂಗಾ ಹೆಗಡೆ ಬಂಗಾಳಿ ಪ್ರಶ್ನಾವಳಿಯೊಂದನ್ನು ಇಂಗ್ಲಿಷಿಗೆ ತಿರುಗಿಸುತ್ತಿದ್ದಳು. ಬೆಂಗಳೂರಿನ ಅನುವಾದ ಸಂಸ್ಥೆಯೊಂದು ಆಗಾಗ ಇಂಥ ಕೆಲಸ ಕಳಿಸುತ್ತಿತ್ತು. ಗಂಡ ವೆಂಕಟ್ರಮಣನ ಗೋದಾಮಿನ ನೌಕರಿಯ ನಿಮಿತ್ತ ಬಂಗಾಳದ ಬರ್ದಮಾನ್ ಜಿಲ್ಲೆಯ ಕಾಲ್ನಾದಲ್ಲಿ ವರ್ಷಾನುಗಟ್ಟಲೆ ಇದ್ದವಳು ಅವಳು. ಬಂಗಾಳಿಯನ್ನು ಪುಸ್ತಕದಿಂದಲ್ಲ, ಮೀನು ಮಾರುಕಟ್ಟೆಯ ಹಾದಿಯಲ್ಲಿ ಕಲಿತಿದ್ದಳು.

ಪ್ರಶ್ನಾವಳಿ ಹೃದ್ರೋಗಿಗಳದ್ದು. ಹೊಸ ಔಷಧಿಯ ಪರೀಕ್ಷೆಯಲ್ಲಿ ರೋಗಿಗಳನ್ನು ಕೇಳಲು ಯಾರೋ ಇಂಗ್ಲಿಷಿನಲ್ಲಿ ಬರೆದದ್ದನ್ನು ಮತ್ಯಾರೋ ಬಂಗಾಳಿಗೆ ತಂದಿದ್ದರು. ಅದನ್ನು ಅವಳು ಮೂಲ ನೋಡದೆಯೇ ಮರಳಿ ಇಂಗ್ಲಿಷಿಗೆ ತರಬೇಕು. ಆಮೇಲೆ ಸಂಸ್ಥೆಯವರು ಎರಡೂ ಇಂಗ್ಲಿಷನ್ನು ಪಕ್ಕಪಕ್ಕ ಇಟ್ಟು ನೋಡುತ್ತಾರೆ. ಅರ್ಥ ಎಲ್ಲಿ ತಪ್ಪಿದೆಯೋ ಅಲ್ಲಿ ಬಂಗಾಳಿಯನ್ನು ತಿದ್ದುತ್ತಾರೆ.

ಒಂದು ಪ್ರಶ್ನೆಯಲ್ಲಿ ಅವಳ ಕೈ ನಿಂತಿತು. ‘ಎರಡು ಮೂರು ಬ್ಲಾಕ್ ದೂರ ನಡೆಯಲು ನಿಮಗೆ ಎಷ್ಟು ಕಷ್ಟ?’ ಕಾಲ್ನಾದ ಕಡೆ ಬ್ಲಾಕ್ ಎಂದರೆ ನಮ್ಮ ತಾಲೂಕಿನಂಥದ್ದು. ಹತ್ತಾರು ಊರು ಸೇರಿದ್ದು, ಅದಕ್ಕೊಂದು ಕಚೇರಿ. ಹೃದಯ ಗಟ್ಟಿ ಇದ್ದವನೂ ಅಷ್ಟು ದೂರ ನಡೆಯಲಾರ. ಬರೆದ ಅರ್ಥವನ್ನೇ ಬರೆಯುವುದು ತನ್ನ ಕೆಲಸವೆಂದು ಅವಳು ‘ಹಲವು ಹಳ್ಳಿಗಳಿರುವ ಎರಡು ಮೂರು ಆಡಳಿತ ವಿಭಾಗಗಳಷ್ಟು ದೂರ’ ಎಂದು ಇಂಗ್ಲಿಷಿನಲ್ಲಿ ಬರೆದು ಕಳಿಸಿದಳು.

ಕೆಲವು ದಿನಗಳಾದ ಮೇಲೆ ಸಂಸ್ಥೆಯ ಸ್ಫೂರ್ತಿ ಮನೆಗೆ ಫೋನು ಮಾಡಿದಳು.

“ಮೇಡಂ, ಎಲ್ಲ ಚೆನ್ನಾಗಿ ಹೊಂದಿದೆ. ಇದೊಂದು ಮಾತ್ರ ಬೇರೆ ಬಂದಿದೆ. ಮೂಲದಲ್ಲೂ ಬ್ಲಾಕ್, ಬಂಗಾಳಿಯಲ್ಲೂ ಬ್ಲಾಕ್. ನೀವೂ ಬ್ಲಾಕ್ ಅಂತಲೇ ಹಾಕಿಬಿಡಿ.”

“ಮೂಲದಲ್ಲಿ ಬ್ಲಾಕ್ ಅಂದ್ರೆ ಎಂತದು?”

“ಅಮೆರಿಕದ್ದಲ್ವಾ. ಒಂದು ತಿರುವಿನಿಂದ ಇನ್ನೊಂದು ತಿರುವಿನವರೆಗಿನ ಬೀದಿ.”

“ಹಾಗಾದ್ರೆ ಬಂಗಾಳಿ ತಪ್ಪು. ಅಲ್ಲಿ ಓದಿದವ್ರಿಗೆ ಬೀದಿ ಅಂತ ಅನ್ಸೋದೇ ಇಲ್ಲ. ಪದ ಒಂದೇ ಇದ್ರೆ ಅರ್ಥ ಒಂದೇ ಆಗ್ತದಾ? ಬಂಗಾಳಿಯನ್ನೇ ತಿದ್ಸಿ.”

“ಬಂಗಾಳಿಯನ್ನು ಕೋಲ್ಕತ್ತಾದ ರೋಗಿಗಳಿಗೆ ಓದಿಸಿ ಕೇಳಿದ್ದಾರೆ ಮೇಡಂ. ಸಾಲ್ಟ್ ಲೇಕ್‌ನ ಕ್ಲಿನಿಕ್ಕಿನಲ್ಲಿ. ಅಲ್ಲಿ ಎಲ್ಲರಿಗೂ ಅರ್ಥವಾಯ್ತಂತೆ.”

ಸಾಲ್ಟ್ ಲೇಕ್ ನಗರದ ಬಡಾವಣೆ; ಅಲ್ಲಿ ನಾಲ್ಕಾರು ಬೀದಿ ಸೇರಿದರೆ ಒಂದು ಬ್ಲಾಕ್, ಮನೆಗಳಿಗೂ ಅದರದ್ದೇ ವಿಳಾಸ. ಅಲ್ಲಿಯವರಿಗೆ ಅರ್ಥವಾಗದೆ ಏನು? ಗಂಗಾ ಅದನ್ನೂ ಹೇಳಿದಳು. ಹಳ್ಳಿಯವರು ‘ಆಗೋದೇ ಇಲ್ಲ’ ಎಂದೇ ಉತ್ತರಿಸುತ್ತಾರೆ, ಔಷಧಿಯಿಂದ ಚೇತರಿಸಿಕೊಂಡ ಮೇಲೂ ಅದೇ ಉತ್ತರ ಬರುತ್ತದೆ ಎಂದಳು. ಮೇಲಿನವರನ್ನು ಕೇಳಿ ಹೇಳುತ್ತೇನೆಂದ ಸ್ಫೂರ್ತಿ ಮರುದಿನ ಮತ್ತೆ ಫೋನು ಮಾಡಿದಳು.

“ನನಗೆ ಗೊತ್ತಾಗ್ತದೆ ಮೇಡಂ. ನಿಮ್ಮ ಮಾತನ್ನು ಮೇಲಿನವರಿಗೆ ಕಳಿಸಿದೆ. ಮರು ಅನುವಾದ ಮಾಡುವವರು ಬಂಗಾಳಿಯ ಬಗ್ಗೆ ಅಭಿಪ್ರಾಯ ಕೊಡಬೇಕಿಲ್ಲ ಅಂದ್ರು.”

ಗಂಗಾ ಕಾಲ್ನಾಕ್ಕೆ ಫೋನು ಹಚ್ಚಿದಳು. ಹಳೆಯ ಮನೆಯೊಡತಿ ಶೆಫಾಲಿದೀದಿಯ ಗಂಡ ನಿರ್ಮಲದಾ ಹೃದಯದ ಕಾಯಿಲೆಯವರು. ಆದರೂ ದಿನಾ ನದಿಯ ಘಾಟಿನ ಮೆಟ್ಟಿಲವರೆಗೆ ನಡೆದು ಬರುವವರು. ಪ್ರಶ್ನಾವಳಿಯ ಸುದ್ದಿ ಎತ್ತದೆ, ನಿರ್ಮಲದಾ ಎರಡು ಮೂರು ಬ್ಲಾಕ್ ನಡೆದಾರೇ ಎಂದು ಕೇಳಿದಾಗ ದೀದಿ ಗೊಳ್ಳೆಂದು ನಕ್ಕರು. “ಪಕ್ಕದ ಮಂತೇಶ್ವರ ಬ್ಲಾಕನ್ನೇ ದಾಟಿಸ್ತೀಯೇನೇ ಅವರನ್ನ? ನಾನು ಬಸ್ಸಿಗೇ ಹತ್ತಿಸೋಕೆ ಹೆದರ್ತೇನೆ!”

ಅದನ್ನೂ ಬರೆದು ಕಳಿಸಿದಳು. ಒಬ್ಬರ ಮಾತು ಪುರಾವೆಯಲ್ಲ ಎಂದು ಉತ್ತರ ಬಂತು. ಜೊತೆಗೆ ಅಂತಿಮ ಪ್ರತಿ. ಅವಳ ಸಾಲು ಹೋಗಿ ಅಲ್ಲಿ ‘ಬ್ಲಾಕ್’ ಕೂತಿತ್ತು. ಮರು ಅನುವಾದ ತನ್ನದೇ ಎಂದು ಅವಳು ಸಹಿ ಮಾಡಬೇಕಿತ್ತು.

“ಎಂತಕ್ಕೆ ಸುಮ್ಮಂಗೆ ಕೂತಿದ್ದೆ?” ವೆಂಕಟ್ರಮಣ ಕೇಳಿದ.

“ಆನು ಸಹಿ ಹಾಕ್ತ್ನಿಲ್ಲೆ.”

“ನೀ ಹಾಕ್ದೇ ಇದ್ರೆ ಮತ್ತೊಬ್ರು ಹಾಕ್ತ.”

“ಹಾಕ್ಲಿ.”

ಹಾಗೆಯೇ ಆಯಿತು. ಬೇರೆ ಯಾರೋ ಮಾಡಿಕೊಟ್ಟರು, ಪದಕ್ಕೆ ಪದ ಹೊಂದಿತು, ತಪ್ಪಿಲ್ಲವೆಂದು ತೀರ್ಮಾನವಾಯಿತು. ಔಷಧಿ ಯಾವುದು, ಆಸ್ಪತ್ರೆ ಯಾವುದು, ಕಂಪನಿ ಯಾರದು, ಗಂಗಾಳಿಗೆ ಗೊತ್ತಿರಲಿಲ್ಲ. ಗುಟ್ಟಿನ ಕೆಲಸ. ಯಾರಿಗೆ ಹೇಳುವುದು? ಸ್ಫೂರ್ತಿ ಕೂಡ ಕೆಲಸ ಬಿಟ್ಟಳೆಂದು ತಿಳಿಯಿತು.

ಮರುವರ್ಷ ದುರ್ಗಾಪೂಜೆಗೆ ಶುಭಾಶಯ ಹೇಳಲು ಫೋನು ಮಾಡಿದಾಗ ದೀದಿಯೇ ಮಾತು ತೆಗೆದರು. ನಿರ್ಮಲದಾ ಊರಾಚೆಯ ದೊಡ್ಡ ಆಸ್ಪತ್ರೆಯಲ್ಲಿ ಹೊಸ ಮಾತ್ರೆಯ ಪರೀಕ್ಷೆಗೆ ಸೇರಿದ್ದರಂತೆ. “ನೀನು ಅವತ್ತು ಕೇಳಿದ್ದನ್ನೇ ಕೇಳಿದ್ರು ಕಣೇ! ಪ್ರತಿ ಸಲ ಹೋದಾಗಲೂ ಅದೇ. ಇವರು ‘ಆಗೋದೇ ಇಲ್ಲ’ ಅಂತಾರೆ, ಅವರು ಗುರುತು ಹಾಕ್ತಾರೆ.”

ಗಂಗಾ ನಡುವೆಯೇ ಬಾಯಿ ಹಾಕಿದಳು. “ದೀದಿ, ಅದು ಬೀದಿ ಅಂತ. ಎರಡು ಮೂರು ಬೀದಿ. ಅಲ್ಲಿಯವರಿಗೆ ಹೇಳಿ.”

“ಇವರು ಕೇಳಿದ್ರಂತೆ, ಯಾವ ಬ್ಲಾಕು ಅಂತ. ಬರೆದದ್ದನ್ನು ಇದ್ದ ಹಾಗೇ ಓದಬೇಕು, ಬಿಡಿಸಿ ಹೇಳೋ ಹಾಗಿಲ್ಲ ಅಂದ್ಲಂತೆ ಪ್ರಶ್ನೆ ಕೇಳೋ ಹುಡುಗಿ. ಪಾಪ, ಒಳ್ಳೇ ಹುಡುಗಿ. ಅವಳೇನು ಮಾಡ್ತಾಳೆ?”

“ನಿರ್ಮಲದಾ ಹೇಗಿದ್ದಾರೆ?”

“ಮೊದಲಿಗಿಂತ ವಾಸಿ. ಘಾಟಿಗೆ ಹೋಗಿ ಬಂದು ಈಗ ಪೂಜೆಯ ಪೆಂಡಾಲಿಗೂ ನಡೆದೇ ಹೋದ್ರು.”

ಗಂಗಾ ಒಳ್ಳೆಯದಾಯಿತು ಎಂದಳು. ಆಸ್ಪತ್ರೆಯ ಕಾಗದದಲ್ಲಿ ಮಾತ್ರ ‘ಆಗೋದೇ ಇಲ್ಲ’ ಎಂಬ ಗುರುತು ಹಾಗೇ ಉಳಿಯುತ್ತದೆ ಎಂದುಕೊಂಡಳು.