ಚಕ್ರಪಾಣಿಯವರ ಏಳು ಕೆಜಿ

ಲೀಡ್ಸ್ ಎಂಬ ಊರಿನ ಚಳಿಯ ಬಗ್ಗೆ ಜಯನಗರದಲ್ಲಿ ಆ ವರ್ಷ ಅತಿ ಹೆಚ್ಚು ಮಾತಾಡಿದವರು ಚಕ್ರಪಾಣಿಯವರು. ಒಮ್ಮೆ ಜೂನ್ ತಿಂಗಳಲ್ಲಿ ಮೂರು ವಾರ ಇಂಗ್ಲೆಂಡು ನೋಡಿ ಬಂದಿದ್ದರು, ಅಷ್ಟೆ. ಆದರೆ ಅವರು ರಾಮಪ್ರಸಾದನ ಮೇಲಧಿಕಾರಿ. ಮೇಲಧಿಕಾರಿ ಜೂನ್‌ನಲ್ಲಿ ಕಂಡದ್ದೇ ಜನವರಿಗೂ ಪ್ರಮಾಣ!

"ಅಲ್ಲಿ ಮನೆ ಒಳಗೆಲ್ಲ ಬೆಚ್ಚಗಿರುತ್ತಮ್ಮ, ಬರೀ ಷರಟಲ್ಲಿ ಓಡಾಡ್ಬೋದು. ಉಣ್ಣೆ ಹೊತ್ಕೊಂಡ್ ಹೋಗೋದು ಹಳ್ಳೀ ಬುದ್ಧಿ," ಎಂದು ರಾಮಪ್ರಸಾದನ ಹೆಂಡತಿ ಕಾತ್ಯಾಯಿನಿ ಕೊಟ್ಟ ಮೂರನೇ ಲೋಟ ಕಾಫಿ ಕುಡಿಯುತ್ತ ಹೇಳಿದ್ದರು. ರಾಮಪ್ರಸಾದ ತಲೆಯಾಡಿಸಿದ. ಕಾರ್ಖಾನೆಯ ತರಬೇತಿಗೆ ಅವನನ್ನು ಸಂಸಾರ ಸಮೇತ ಎರಡು ವರ್ಷ ಲೀಡ್ಸ್‌ಗೆ ಕಳಿಸುತ್ತಿರುವವರೇ ಅವರು. ತಲೆಯಾಡಿಸದೆ ಇನ್ನೇನು ಮಾಡಿಯಾನು?

ಕಾತ್ಯಾಯಿನಿ ಮಾತ್ರ ಒಪ್ಪಲಿಲ್ಲ. ಐದು ವರ್ಷದ ಮಗಳು ಅಮ್ಮಣ್ಣಿಗೆ ಉಬ್ಬಸ. ಬೆಂಗಳೂರಿನ ಧನುರ್ಮಾಸದ ಚಳಿಗೇ ಮಗುವಿನ ಎದೆ ಗೊರಗೊರ ಅನ್ನುತ್ತಿತ್ತು. ಅವಳು ಗುಟ್ಟಾಗಿ ಲೀಡ್ಸ್‌ನಲ್ಲೇ ಇದ್ದ ಗಂಡನ ಗೆಳೆಯ ಗೌರೀಶಂಕರನಿಗೆ ಕಾಗದ ಬರೆದಳು. ಉತ್ತರ ಬಂತು: 'ಬಾಡಿಗೆ ಮನೆಯಲ್ಲಿ ಒಂದೇ ಕೋಣೆಗೆ ಗ್ಯಾಸಿನ ಒಲೆ. ಮೀಟರಿಗೆ ಶಿಲ್ಲಿಂಗ್ ಹಾಕಿದರೆ ಉರಿಯುತ್ತದೆ, ಮುಗಿದರೆ ಆರುತ್ತದೆ. ಮಲಗುವ ಕೋಣೆಗೂ ಬಚ್ಚಲಿಗೂ ಅದೂ ಇಲ್ಲ. ಬೆಳಿಗ್ಗೆ ಕಿಟಕಿ ಗಾಜಿನ ಒಳಗಡೆಯೇ ಮಂಜು ಕಟ್ಟಿರುತ್ತದೆ. ಮಗುವಿಗೆ ಉಣ್ಣೆಯ ಒಳ ಅಂಗಿ, ಕಾಲುಚೀಲ ತಪ್ಪದೆ ತನ್ನಿ.'

ಕಾತ್ಯಾಯಿನಿ ಮಗುವಿಗೆ ಒಳ ಅಂಗಿ ಹೆಣೆದಳು. ದಂಡಿನ ಹಳೇ ಬಟ್ಟೆಯ ಅಂಗಡಿಯಿಂದ ಸೈನಿಕರು ಹಾಕಿ ಬಿಟ್ಟ ಓವರ್‌ಕೋಟ್ ಎರಡು ತಂದಳು. ಅತ್ತೆ ಸೀತಾಲಕ್ಷ್ಮಮ್ಮ ಮೂಗು ಮುಚ್ಚಿಕೊಂಡು ಹೌಹಾರಿದರು. "ಯಾರ್ ಹಾಕ್ಕೊಂಡಿದ್ದೋ ಏನೋ! ಮೈಲಿಗೆ!"

"ಉಣ್ಣೆಗೆ ಮೈಲಿಗೆ ಇಲ್ಲ ಅಂತ ನೀವೇ ಧಾಬಳಿ ಉಟ್ಕೊಂಡು ಅಡಿಗೆ ಮಾಡ್ತೀರಲ್ಲ ಅತ್ತೆ," ಎಂದಳು ಸೊಸೆ. ಅತ್ತೆಯ ಶಾಸ್ತ್ರ ಅತ್ತೆಗೇ ತಿರುಗುಬಾಣವಾಯಿತು. ಕೋಟುಗಳನ್ನು ಬಿಸಿಲಿಗೆ ಹಾಕಿಸಿದರು.

ಆಮೇಲೆ ತಮ್ಮ ಪಾಲಿನದನ್ನು ಟ್ರಂಕಿಗೆ ಸುರಿದರು: ಹುಳಿಪುಡಿ, ಹುಣಿಸೆಹಣ್ಣು, ಸಂಡಿಗೆ, ಪಂಚಾಂಗ, ಸಂಕ್ರಾಂತಿಗೆ ಎಳ್ಳು, ಒಣಕೊಬ್ಬರಿ, ಸಕ್ಕರೆ ಅಚ್ಚಿನ ಮರದ ಪಡಿಯಚ್ಚುಗಳು. ವಿಮಾನದಲ್ಲಿ ತಲೆಗೆ ಇಪ್ಪತ್ತು ಕೆಜಿ, ಮೂವರಿಗೆ ಅರವತ್ತು.

ಹೊರಡುವ ಹಿಂದಿನ ಭಾನುವಾರ ಗಂಡ, ಹೆಂಡತಿ, ಅತ್ತೆ ಮೂವರೂ ಸೇರಿ ಟ್ರಂಕುಗಳನ್ನು ಕೈಗಾಡಿಯಲ್ಲಿ ತಿಮ್ಮರಾಯಪ್ಪನ ಸೌದೆ ಡಿಪೋಗೆ ಒಯ್ದರು. ಆ ಬೀದಿಗೆ ದೊಡ್ಡ ತಕ್ಕಡಿ ಅದೊಂದೇ. ಚಕ್ರಪಾಣಿಯವರೂ ಬಂದರು, ಕಂಕುಳಲ್ಲಿ ಬಟ್ಟೆಯಲ್ಲಿ ಹೊಲಿದ ದಪ್ಪ ಗಂಟು. "ಲೀಡ್ಸ್‌ನಲ್ಲಿ ಓದ್ತಿರೋ ನಮ್ಮಳಿಯನಿಗೆ. ಎರಡು ಪೊಟ್ಟಣ ಚಟ್ನಿಪುಡಿ ಅಷ್ಟೇನಪ್ಪ," ಎಂದು ರಾಮಪ್ರಸಾದನ ಕೈಗೆ ಕೊಟ್ಟರು. ಅವನು ಅದನ್ನೂ ಭಕ್ತಿಯಿಂದ ತಕ್ಕಡಿಗಿಟ್ಟ.

"ಅರವತ್ತೇಳು," ಎಂದ ತಿಮ್ಮರಾಯಪ್ಪ.

"ಅಯ್ಯೋ, ಅದಕ್ಕೇನಂತೆ? ಮಗೂ ಉಣ್ಣೆ ತೆಗೀರಿ. ಮನೇ ಒಳಗೆ ಬೆಚ್ಚಗಿರುತ್ತೆ ಅಂದಿಲ್ವೇ?" ಎಂದರು ಚಕ್ರಪಾಣಿ.

ರಾಮಪ್ರಸಾದ ಟ್ರಂಕು ತೆರೆದು ಮಗಳ ಒಳ ಅಂಗಿಗಳನ್ನು ಒಂದೊಂದಾಗಿ ಹೊರಗಿಟ್ಟ. ಕಾತ್ಯಾಯಿನಿಗೆ ಅಳು ಬಂತು. ಅಳುವುದಕ್ಕಿಂತ ಮೊದಲು ಅವಳ ಕಣ್ಣು ಆ ಗಂಟಿನ ಮೇಲೆ ಬಿತ್ತು.

"ಸಾರ್, ಒಳಗೇನಿದೆ ಅಂತ ಕಸ್ಟಮ್ಸ್‌ನೋರು ಕೇಳ್ತಾರೆ. ಒಂದ್ಸಲ ನೋಡ್ಬಿಡ್ತೀನಿ."

"ಬೇಡ ಬೇಡಮ್ಮ!" ಎನ್ನುವಷ್ಟರಲ್ಲಿ ತಿಮ್ಮರಾಯಪ್ಪನ ಕುಡುಗೋಲು ಹೊಲಿಗೆ ಬಿಚ್ಚಿತ್ತು.

ಚಟ್ನಿಪುಡಿ ಎರಡು ಪೊಟ್ಟಣ ಇತ್ತು, ಸುಳ್ಳಲ್ಲ. ಅದರ ಕೆಳಗೆ ಉಣ್ಣೆಯ ಒಳ ಅಂಗಿ ನಾಲ್ಕು, ದಪ್ಪ ಕಾಲುಚೀಲ ಆರು ಜೊತೆ, ಕಿವಿ ಮುಚ್ಚುವ ಟೋಪಿ, ಮಡಿಸಿದ ರಗ್ಗು. ರಗ್ಗಿಗೆ ಪಿನ್ನು ಹಾಕಿದ ಚೀಟಿ. ಆಫೀಸಿನ ಫೈಲುಗಳ ಮೇಲೆ ರಾಮಪ್ರಸಾದ ದಿನಾ ಕಂಡಿದ್ದ ಅದೇ ದುಂಡು ಅಕ್ಷರ. ಕಾತ್ಯಾಯಿನಿ ಗಟ್ಟಿಯಾಗಿ ಓದಿದಳು: "ಚಿರಂಜೀವಿ ಅಳಿಯಂದಿರಿಗೆ ಆಶೀರ್ವಾದ. ಮನೆಯೊಳಗೂ ಉಣ್ಣೆ ಕಳಚಬೇಡಿ. ಎದೆಗೆ ಚಳಿ ಹತ್ತಿದರೆ ಕಷ್ಟ."

ತಿಮ್ಮರಾಯಪ್ಪ ಕೆಮ್ಮಿದ. ಚಕ್ರಪಾಣಿಯವರು ಸೌದೆಯ ರಾಶಿಯನ್ನು ಬಹಳ ಆಸಕ್ತಿಯಿಂದ ನೋಡತೊಡಗಿದರು.

ಕಾತ್ಯಾಯಿನಿ ಗಂಟನ್ನು ಕಟ್ಟಿ ಅವರ ತೋಳಿಗೆ ಇಟ್ಟಳು. "ಅಲ್ಲಿ ಷರಟು ಸಾಕಲ್ಲ ಸಾರ್. ಪಾಪ, ಅಳಿಯಂದ್ರಿಗೆ ಸೆಖೆ ಆಗುತ್ತೆ."

ಅವರು ಹೋದ ಮೇಲೆ ರಾಮಪ್ರಸಾದ ಬಿಳಿಚಿಕೊಂಡು ಹೇಳಿದ, "ಕಾತ್ಯಾಯಿನಿ, ಅವರು ನನ್ ವರ್ಷದ ರಿಪೋರ್ಟ್ ಬರೀಬೇಕು ಕಣೇ!"

ಸೀತಾಲಕ್ಷ್ಮಮ್ಮ ಮೊಮ್ಮಗಳ ಅಂಗಿಗಳನ್ನು ಕೊಡವಿ ಟ್ರಂಕಿಗೆ ಹಾಕುತ್ತಿದ್ದರು. "ಬರೀಲಿ ಬಿಡೋ. ನೀನು ಮನೇಲಿರೋ ಆ ಕೋಟು ಮೈಮೇಲೇ ಹಾಕ್ಕೊಂಡು ಹೊರಡು, ಅದನ್ನ ಯಾರೂ ತೂಗಲ್ಲ. ಜೇಬಿಗೆ ಇನ್ನಷ್ಟು ಹುಳಿಪುಡಿ ತುಂಬ್ತೀನಿ. ರಿಪೋರ್ಟು ಕೆಟ್ರೆ ಇನ್ನೊಂದು ವರ್ಷ ಬರುತ್ತೆ. ಮಗೂ ಉಸಿರಾಡ್ಬೇಕಾದ್ದು ಈ ವರ್ಷ."

"ಅರವತ್ತು," ಎಂದ ತಿಮ್ಮರಾಯಪ್ಪ ಟ್ರಂಕುಗಳನ್ನು ಮತ್ತೆ ತೂಗಿ, "ಸರಿಯಾಗಿ ಅರವತ್ತು."